ತಿಪಟೂರಿಗೆ ಬಂದಿರದ ಪೆಟ್ಟಿಗೆ

ನೊಣವಿನಕೆರೆಯ ನಮ್ಮ ತೋಟದಲ್ಲಿ ಹದಿನಾರು ವರ್ಷ ಕಾಯಿ ಕಿತ್ತವರಿಗೆ ಈಗ ಬಲಗಾಲು ಮೊಣಕಾಲಿನಿಂದ ಕೆಳಗೆ ಇಲ್ಲ. ಬಿದ್ದಿದ್ದು ನಮ್ಮ ಮರದಿಂದಲ್ಲ, ಬೇರೆಯವರ ತೋಟದಲ್ಲಿ. ಇಷ್ಟನ್ನು ಮೊದಲೇ ಹೇಳಿಬಿಡುವುದು ನನ್ನ ವೃತ್ತಿಯ ಅಭ್ಯಾಸ. ಮೂವತ್ತು ವರ್ಷ ತಿಪಟೂರಿನಲ್ಲಿ ಕೂತು ಒಂದು ದಿನಪತ್ರಿಕೆಗೆ ಸುದ್ದಿ ಕಳಿಸಿದ್ದೇನೆ. ಯಾರು, ಎಲ್ಲಿ, ಯಾವಾಗ ಎಂಬುದು ಮೊದಲ ಪ್ಯಾರಾದಲ್ಲೇ ಬರಬೇಕು.

ಅವರ ಮಗಳ ಮದುವೆ ಒಂದು ಶುಕ್ರವಾರ ಬೆಳಿಗ್ಗೆ ನಿಶ್ಚಯವಾಗಿತ್ತು. ಅದಕ್ಕೆ ಹದಿನೈದು ದಿನ ಮುಂಚೆ ಅವರ ಕೃತಕ ಕಾಲಿನ ಪಾದದ ಹತ್ತಿರದ ಬೋಲ್ಟು ಮುರಿಯಿತು. ಉಳಿದ ಮೊಂಡುಕಾಲು ಕೂರುವ ಬಟ್ಟಲಿನ ಒಳಪದರವೂ ಹರಿದಿತ್ತು. ನಾನು ಹೇಗೂ ಬೆಂಗಳೂರಿಗೆ ಹೋಗುವವನಿದ್ದೆ. ಕಾಲನ್ನು ಹಳೆಯ ಪಂಚೆಯಲ್ಲಿ ಸುತ್ತಿ ನಾನೇ ಒಯ್ದು, ಅದನ್ನು ಮಾಡಿಕೊಟ್ಟಿದ್ದ ಕಾರ್ಯಾಗಾರಕ್ಕೆ ಕೊಟ್ಟೆ. ರಿಪೇರಿ ಮಾಡಿ ಕೊರಿಯರ್‌ನಲ್ಲಿ ಕಳಿಸುತ್ತೇವೆ ಎಂದರು. ನನ್ನ ಮೊಬೈಲ್ ನಂಬರ್ ಬರೆದುಕೊಂಡರು.

"ಮದುವೆಗೆ ಕನಿಷ್ಠ ಮೂರು ದಿನ ಮುಂಚೆ ಕೈಗೆ ಸಿಗಬೇಕು," ಎಂದು ಅಲ್ಲಿನ ತಂತ್ರಜ್ಞ ಹೇಳಿದ್ದರು. "ಹಾಕದೆ ಬಿಟ್ಟರೆ ಮೊಂಡುಕಾಲು ಊದಿಕೊಳ್ಳುತ್ತೆ. ಮೊದಲ ದಿನ ಅರ್ಧ ಗಂಟೆ, ಮಾರನೇ ದಿನ ಎರಡು ಗಂಟೆ, ಹಾಗೆ ಹಾಕುತ್ತ ಹೋದರೆ ಮತ್ತೆ ಒಗ್ಗುತ್ತೆ."

ನೊಣವಿನಕೆರೆಗೆ ಹೋಗಿ ಇದನ್ನು ಹೇಳಿದಾಗ ಅವರು ಜಗಲಿಯ ಮೇಲೆ ಕೂತು ಗರಿಯಿಂದ ಕಡ್ಡಿ ಸೀಳುತ್ತಿದ್ದರು.

"ಊರುಗೋಲು ಇದೆಯಲ್ಲಪ್ಪ, ಅಷ್ಟಕ್ಕೂ," ಎಂದೆ ನಾನು.

"ಊರುಗೋಲು ಹಿಡ್ಕಂಡ್ರೆ ಧಾರೆ ಎರೆಯಕ್ಕೆ ಕೈ ಎಲ್ಲಿರ್ತವೆ ಅಣ್ಣೋರೆ? ಎರಡು ಕೈಯೂ ಬೇಕು. ನಿಂತ್ಕಂಡು ಎರೀಬೇಕು ಅಂತ ಒಂದಾಸೆ. ಅರವತ್ತಡಿ ಮರದ ಮ್ಯಾಲೆ ನಿಂತೋನು ಮಗಳ ಮುಂದೆ ನಿಂತ್ಕಳಕ್ಕೆ ಆಗಲ್ವಾ?"

ಅವರ ಹೆಂಡತಿ ಒಳಗಿನಿಂದಲೇ ಅಂದರು: "ಮರದ ಮ್ಯಾಲೆ ನಿಂತಿದ್ದು ಸಾಕು, ನೆಲದ ಮ್ಯಾಲೆ ನಿಂತ್ಕಳಿ."

ಮದುವೆಯ ಹಿಂದಿನ ಶುಕ್ರವಾರ ಪಾರ್ಸೆಲ್ ಬುಕ್ ಆದ ಸಂದೇಶ ನನ್ನ ಫೋನಿಗೆ ಬಂತು. ಜೊತೆಗೆ ಒಂದು ನಂಬರ್. ಆ ನಂಬರನ್ನು ಕಂಪನಿಯ ಪುಟದಲ್ಲಿ ಹಾಕಿದರೆ ಪಾರ್ಸೆಲ್ ಯಾವ ಊರಿನಲ್ಲಿ ಎಷ್ಟು ಗಂಟೆಗೆ ಸ್ಕ್ಯಾನ್ ಆಯಿತೆಂದು ಸಾಲುಸಾಲಾಗಿ ಕಾಣುತ್ತಿತ್ತು. ಶನಿವಾರ ಮಧ್ಯಾಹ್ನ ತುಮಕೂರು ಹಬ್, ಅಂದರೆ ಮಾಲು ವಿಂಗಡಿಸುವ ಕೇಂದ್ರ, ತಲುಪಿತು. ಭಾನುವಾರ ಸಾಲು ಖಾಲಿ. ಸೋಮವಾರ ಬೆಳಗಿನ ಐದು ಹತ್ತಕ್ಕೆ ತುಮಕೂರು ಬಿಟ್ಟಿತು. ಏಳು ನಲವತ್ತೆರಡಕ್ಕೆ ತಿಪಟೂರು ಶಾಖೆ ತಲುಪಿತು. ಎಂಟು ಐದಕ್ಕೆ 'ಔಟ್ ಫಾರ್ ಡೆಲಿವರಿ', ಅಂದರೆ ಮನೆಗೆ ಕೊಡಲು ಹೊರಟಿದೆ. ನಾನು ನೊಣವಿನಕೆರೆಗೆ ಫೋನ್ ಮಾಡಿ, "ಇವತ್ತು ಬತ್ತದೆ, ಎಲ್ಲೂ ಹೋಗಬೇಡ" ಎಂದೆ. ಅದೊಂದು ಮೂರ್ಖ ಮಾತು. ಅವರು ಎಲ್ಲಿಗೆ ಹೋಗಬೇಕು?

ಸಂಜೆ ಆರು ಇಪ್ಪತ್ತಕ್ಕೆ ಹೊಸ ಸಾಲು ಬಂತು: 'ಡೋರ್ ಲಾಕ್ಡ್'. ಬಾಗಿಲಿಗೆ ಬೀಗ, ಆದ್ದರಿಂದ ಕೊಟ್ಟಿಲ್ಲ.

ಬೆಳಿಗ್ಗೆಯಿಂದ ಸಂಜೆಯವರೆಗೆ ಒಬ್ಬ ಮನುಷ್ಯ ಜಗಲಿ ಬಿಟ್ಟು ಕದಲಿಲ್ಲ. ಅವರ ಮನೆಯ ಬಾಗಿಲಿಗೆ ಬೀಗ ಇತ್ತೆಂದು ಒಬ್ಬ ಡೆಲಿವರಿ ನೌಕರ ದಾಖಲೆ ಮಾಡಿದ್ದಾನೆ. ದಾಖಲೆ ಸುಳ್ಳು. ಸುಳ್ಳು ಎಂಬುದಕ್ಕೆ ಸಾಕ್ಷಿಗಳಿದ್ದಾರೆ. ಮೂವತ್ತು ವರ್ಷದ ನನ್ನ ತಲೆ ಇಷ್ಟನ್ನು ಕ್ಷಣದಲ್ಲಿ ಜೋಡಿಸಿತು. ಆ ಜೋಡಣೆಯಲ್ಲಿ ತಪ್ಪಿರಲಿಲ್ಲ. ದಾಖಲೆ ನಿಜವಾಗಿಯೂ ಸುಳ್ಳೇ ಆಗಿತ್ತು. ಅದರ ಮೇಲಿನ ಎರಡು ಸಾಲುಗಳೂ ನಿಜವಲ್ಲದಿರಬಹುದು ಎಂದು ಮಾತ್ರ ನನಗೆ ಹೊಳೆಯಲಿಲ್ಲ. ನನಗೆ ಬೇಡವಾದ ಒಂದು ಸಾಲನ್ನು ಅನುಮಾನಿಸಿ, ಬೇಕಾದ ಎರಡನ್ನು ನಂಬಿದೆ.

ಮಂಗಳವಾರ ಬೆಳಿಗ್ಗೆ ತಿಪಟೂರಿನ ಆ ಕೊರಿಯರ್ ಶಾಖೆಗೆ ಹೋದೆ. ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಒಂದು ಶಟರ್ ಅಂಗಡಿ. ಮೇಜಿನ ಹಿಂದೆ ಶಾಖೆಯ ಮಾಲೀಕ. ನೆಲದ ಮೇಲೆ ಅಂದಿನ ಮಾಲನ್ನು ಹಾದಿಗಳ ಪ್ರಕಾರ ವಿಂಗಡಿಸುತ್ತಿದ್ದ ಇಬ್ಬರು. ನೊಣವಿನಕೆರೆ ಹಾದಿಯವನು ಯಾರು ಎಂದು ಕೇಳಿದೆ. ಸುಮಾರು ನಲವತ್ತರ ಒಬ್ಬಾತ ಎದ್ದು ನಿಂತ. ಎದೆಯ ಮೇಲೆ ಗುರುತಿನ ಚೀಟಿ, ಕೈಯಲ್ಲಿ ಮಾರ್ಕರ್ ಪೆನ್ನು.

ಆಗ ಅಂಗಡಿಯಲ್ಲಿ ಐದಾರು ಗಿರಾಕಿಗಳಿದ್ದರು. ನಾನು ದನಿ ಏರಿಸಲಿಲ್ಲ. ದನಿ ಏರಿಸದೆ ಅವಮಾನ ಮಾಡುವುದು ನನಗೆ ಬರುತ್ತದೆ. ಅಧಿಕಾರಿಗಳ ಎದುರು ಕಲಿತ ವಿದ್ಯೆ ಅದು.

"ನಿನ್ನೆ ಸಂಜೆ ಆರು ಇಪ್ಪತ್ತಕ್ಕೆ ನೀವು ನೊಣವಿನಕೆರೆಯಲ್ಲಿದ್ದಿರಾ?"

"ಇಲ್ಲ ಸಾರ್. ಇಲ್ಲೇ ಇದ್ದೆ, ಡೆಲಿವರಿ ಶೀಟ್ ಕ್ಲೋಸ್ ಮಾಡ್ತಾ..."

"ಇಲ್ಲಿ ಕೂತು ಅಲ್ಲಿನ ಬೀಗ ಕಾಣ್ತಾ?"

ಯಾರೋ ನಕ್ಕರು. ಆತನ ಮುಖ ಕಪ್ಪಿಟ್ಟಿತು.

"ಸಾರ್, ಒಂದ್ ಮಾತು ಕೇಳಿ. ಬ್ಯಾಗ್ ಬಂದೈತೆ. ಆ ಮಾಲು ಬಂದಿಲ್ಲ. ನಾನು ಕಣ್ಣಲ್ಲೇ ನೋಡಿಲ್ಲ ಅದನ್ನ."

ನಾನು ಫೋನಿನ ಪರದೆಯನ್ನು ಆತನ ಮುಖದ ಹತ್ತಿರ ಹಿಡಿದೆ. "ತಿಪಟೂರು ತಲುಪಿದೆ ಅಂತ ನಿಮ್ಮ ಕಂಪನಿಯೇ ಹೇಳ್ತಿದೆ. ನಿಮ್ಮ ಹೆಸರಿನ ಹಾದಿಗೆ ಹೊರಟಿದೆ ಅಂತಲೂ ಹೇಳ್ತಿದೆ. ಓದಕ್ಕೆ ಬರುತ್ತಲ್ಲ?"

"ಓದಕ್ ಬತ್ತದೆ ಸಾರ್. ಅದು ಹಂಗಲ್ಲ, ಅದು..."

"ಮಾಲು ಎಲ್ಲಿದೆ? ನಿಮ್ಮ ಮನೇಲಾ?"

ಆತ ಮಾಲೀಕನ ಕಡೆ ನೋಡಿದ. ಮಾಲೀಕ ಕಂಪ್ಯೂಟರ್ ಕಡೆ ನೋಡಿದ. ಈ ನೋಟವನ್ನೂ ನಾನು ತಪ್ಪಿತಸ್ಥರ ನೋಟವೆಂದೇ ಗುರುತು ಮಾಡಿಕೊಂಡೆ. ಶಾಖೆಯ ಕಪಾಟುಗಳನ್ನೆಲ್ಲ ತೆಗೆಸಿ ನೋಡಿದೆ. ಸಿಗಲಿಲ್ಲ. ಸಿಗದಿದ್ದದ್ದು ನನ್ನ ಅನುಮಾನವನ್ನು ಇನ್ನಷ್ಟು ಗಟ್ಟಿ ಮಾಡಿತು.

ಆ ಸಂಜೆ ಒಂದು ಸುದ್ದಿ ಬರೆದು ಕಳಿಸಿದೆ. ಬಾಗಿಲು ತೆರೆದಿದ್ದರೂ ಬೀಗ ಎಂದು ನಮೂದು, ನೊಣವಿನಕೆರೆ ಭಾಗದ ಡೆಲಿವರಿ ಸಿಬ್ಬಂದಿಯ ನಿರ್ಲಕ್ಷ್ಯ, ಅಂಗವಿಕಲರ ಪರದಾಟ. ಹೆಸರು ಹಾಕಲಿಲ್ಲ. ಕಂಪನಿಯ ಹೆಸರೂ ಇಲ್ಲ. ಆದರೆ ನೊಣವಿನಕೆರೆ ಹಾದಿಗೆ ಕೊರಿಯರ್ ತರುವವನು ಒಬ್ಬನೇ ಎಂಬುದು ಆ ಹಾದಿಯ ಎಲ್ಲರಿಗೂ ಗೊತ್ತು, ನನಗೂ ಗೊತ್ತಿತ್ತು. ಆರೋಪ ಬಂದವನ ಮಾತು ಒಂದು ವಾಕ್ಯವಾದರೂ ಇರಬೇಕು ಎಂದು ನಾನೇ ಎಷ್ಟು ಹೊಸಬರಿಗೆ ಹೇಳಿದ್ದೇನೆ. ಆತ ಹೇಳಿದ್ದು ನನ್ನ ಕಿವಿಯಲ್ಲೇ ಇತ್ತು: ಬ್ಯಾಗ್ ಬಂದೈತೆ, ಮಾಲು ಬಂದಿಲ್ಲ. ಅದನ್ನು ಬರೆಯಲಿಲ್ಲ. ಬರೆದಿದ್ದರೆ ಸುದ್ದಿಯ ಕಾವು ಇಳಿಯುತ್ತಿತ್ತು.

ಬುಧವಾರ ಸುದ್ದಿ ಬಂತು. ಹನ್ನೊಂದು ಇಪ್ಪತ್ತಕ್ಕೆ ಫೋನಿನಲ್ಲಿ ಹೊಸ ಸಾಲೂ ಬಂತು: ಪಾರ್ಸೆಲ್ ಹಾಸನ ಹಬ್‌ನಲ್ಲಿದೆ.

ನಾನು ಅದನ್ನು ಓದಿದ ರೀತಿ ಇದು. ಶಾಖೆಯವರು ಪೇಪರ್ ನೋಡಿ ಹೆದರಿದ್ದಾರೆ, ಬಚ್ಚಿಟ್ಟ ಮಾಲನ್ನು ಹೊರಗೆ ಹಾಕಿದ್ದಾರೆ, ಕೊಡಲಾಗಲಿಲ್ಲ ಎಂದು ಬೆಂಗಳೂರಿಗೆ ವಾಪಸ್ ಸಾಗಿಸುತ್ತಿದ್ದಾರೆ. ಕೂಡಲೇ ಕಾರ್ಯಾಗಾರಕ್ಕೆ ಫೋನ್ ಮಾಡಿ, ಕಳಿಸಿದವರು ನೀವು, ನಿಮ್ಮ ಮಾತೇ ನಡೆಯುವುದು, ಅದನ್ನು ಎಲ್ಲಿದೆಯೋ ಅಲ್ಲೇ ತಡೆಯಿರಿ, ವಾಪಸ್ ಬರಗೊಡಬೇಡಿ ಎಂದೆ. ಅವರು ಕಂಪನಿಯ ಸಹಾಯವಾಣಿಗೆ ಹೇಳಿದರು. ಮೂರು ಗಂಟೆಗೆ ಪರದೆಯ ಮೇಲೆ ಇನ್ನೊಂದು ಸಾಲು ಮೂಡಿತು: ಕಳಿಸಿದವರ ಕೋರಿಕೆಯಂತೆ ತಡೆಹಿಡಿಯಲಾಗಿದೆ. ಅದನ್ನು ನೋಡಿ ನನಗೆ ಸಮಾಧಾನವಾಯಿತು. ಆ ಸಮಾಧಾನ ನೆನಪಾದರೆ ಈಗಲೂ ಮುಖ ಬಿಸಿಯಾಗುತ್ತದೆ.

ಗುರುವಾರ ಬೆಳಿಗ್ಗೆ, ಮುಂದೇನು ಎಂದು ಕೇಳಲು ಮತ್ತೆ ಶಾಖೆಗೆ ಹೋದೆ. ಆ ಡೆಲಿವರಿಯವನು ಮೇಜಿನ ಮುಂದೆ ನಿಂತು ಗುರುತಿನ ಚೀಟಿ, ಹೆಗಲ ಚೀಲ, ಕಂಪನಿಯ ಫೋನು ಎಲ್ಲವನ್ನೂ ಒಂದೊಂದಾಗಿ ಇಡುತ್ತಿದ್ದ. ನನ್ನ ಸುದ್ದಿಯ ಪೇಪರ್ ತುಂಡು ಮೇಜಿನ ಗಾಜಿನ ಮೇಲಿತ್ತು.

"ಬನ್ನಿ ಸಾರ್," ಎಂದ ಮಾಲೀಕ. "ಮೇಲಿಂದ ಫೋನ್ ಬಂತು. ಇವನನ್ನ ಕೆಲಸದಿಂದ ತೆಗೆದಿದೀನಿ. ಸಮಾಧಾನ ಆಯ್ತಾ?"

ಡೆಲಿವರಿಯವನು ನನ್ನ ಕಡೆ ತಿರುಗಿದ.

"ನಂದು ಬುಡಿ ಸಾರ್. ಮಾಲು ಸಿಕ್ತಾ?"

"ಹಾಸನದಲ್ಲಿದೆ. ವಾಪಸ್ ಕಳಿಸ್ತಿದ್ರಿ, ನಾನು ತಡೆಸಿದೀನಿ."

"ಎಲ್ಲಿ, ಕೊಡಿ ನೋಡಾನ."

ಫೋನ್ ಕೊಟ್ಟೆ. ಆತ ನನ್ನ ಹಾಗೆ ಮೇಲಿನಿಂದ ಓದಲಿಲ್ಲ. ಬೆರಳನ್ನು ಒಂದು ಸಾಲಿನ ಮೇಲಿಟ್ಟು, ಅದರ ಕೆಳಗಿನದಕ್ಕೆ ಒಯ್ದು, ನಡುವೆ ಇಲ್ಲದ ಸಾಲನ್ನು ಹುಡುಕುತ್ತಿದ್ದ.

"ವಾಪಸ್ ಅಲ್ಲ ಸಾರ್ ಇದು. ತಿಪಟೂರಿಂದ ವಾಪಸ್ ಹೋದ್ರೆ ತುಮಕೂರಿಗೆ ಹೋಗ್ಬೇಕು. ಹಾಸನ ಆಕಡೆ ಅಲ್ವಾ? ಬೆಂಗಳೂರಿಗೆ ಹೋಗೋನು ಅರಸೀಕೆರೆ ಬಸ್ ಹತ್ತಾನಾ? ಇನ್ನೊಂದು, ತಿಪಟೂರು ಬಿಡ್ತು ಅಂತ ಒಂದ್ ಸಾಲೇ ಇಲ್ಲ. ಇಲ್ಲಿಂದ ಬಿಡದೆ ಅಲ್ಲಿಗೆ ಹೆಂಗೋಯ್ತು?"

"ಹೇಗೆ?"

"ಇಲ್ಲಿಗೆ ಬಂದೇ ಇಲ್ಲ." ಆತ ಸೋಮವಾರದ ಸಾಲನ್ನು ತೋರಿಸಿದ. "ಇಲ್ಲಿ ಪಕ್ದಲ್ಲಿ ಒಂದು ನಂಬರ್ ಐತೆ ನೋಡಿ. ಅದು ನಿಮ್ ಮಾಲಿಂದಲ್ಲ, ಬ್ಯಾಗಿಂದು. ತುಮಕೂರಲ್ಲಿ ಒಂದೊಂದೇ ಮಾಲು ಸ್ಕ್ಯಾನ್ ಮಾಡಿ ಬ್ಯಾಗಿನ ಪಟ್ಟಿಗೆ ಸೇರಿಸ್ತಾರೆ. ಇಲ್ಲಿ ಬ್ಯಾಗಿನ ಚೀಟಿ ಒಂದ್ಸಲ ಹೊಡೆದ್ರೆ ಆ ಪಟ್ಟೀಲಿರೋದೆಲ್ಲಾ ಬಂತು ಅಂತ ತೋರಿಸ್ತದೆ. ಆವತ್ತು ಹನ್ನೊಂದು ಮಾಲು ಒಂದೇ ನಿಮಿಷ, ಒಂದೇ ಸೆಕೆಂಡಲ್ಲಿ ಬಂದವೆ. ಹನ್ನೊಂದನ್ನ ಒಂದೇ ಸೆಕೆಂಡಲ್ಲಿ ಯಾವನು ಹೊಡೀತಾನೆ ಸಾರ್?"

ನಾನು ಬಗ್ಗಿ ಆ ನಂಬರನ್ನು ಓದಿದೆ. ಆತ ಮುಂದುವರಿಸಿದ:

"ನಾನು ಮುಂಚೆ ಕೊಬ್ಬರಿ ಮಂಡೀಲಿದ್ದೆ. ಚೀಟೀಲಿ ನೂರು ಚೀಲ ಅಂತಿದ್ರೆ ಲಾರಿ ಬಂತು ಅಂತ ಸೈನ್ ಹಾಕಿಬಿಡ್ತಾರಾ? ಇಳಿಸಿ ಎಣಿಸ್ಬೇಕು. ಹನ್ನೊಂದರಲ್ಲಿ ಹತ್ತೇ ಬಂದವೆ ಅಂತ ಸೋಮವಾರವೇ ಹೇಳ್ದೆ ಇವ್ರಿಗೆ."

ಮಾಲೀಕ ಸಿಡುಕಿದ: "ಕಡಿಮೆ ಬಂದಿದೆ ಅಂತ ಹಾಕಿದ್ರೆ ನನ್ನ ತಲೆ ಮೇಲೇ ಬರುತ್ತೆ ಕಣ್ರೀ. ಒಂದಿನ ನೋಡಣ, ನಾಳೆ ಬ್ಯಾಗಲ್ಲಿ ಬರುತ್ತೆ ಅಂದೆ. ದಿನಾ ಹಂಗೇ ಆಗೋದು."

"ಮತ್ತೆ ಬೀಗ ಅಂತ ಯಾಕೆ ಒತ್ತಿದ್ರಿ?" ನಾನು ಕೇಳಿದೆ. ಈ ಸಲ ನಿಜವಾಗಿಯೂ ತಿಳಿಯಬೇಕಿತ್ತು.

"ಪಟ್ಟೀಲಿರೋ ಎಲ್ಲಾದಕ್ಕೂ ಏನಾದ್ರೂ ಒತ್ತದೆ ಶೀಟ್ ಕ್ಲೋಸ್ ಆಗಲ್ಲ ಸಾರ್. ಕ್ಲೋಸ್ ಆಗದೆ ಮನೇಗ್ ಹೋಗಂಗಿಲ್ಲ. ನನ್ ಫೋನಲ್ಲಿರೋದು ನಾಕೇ: ಕೊಟ್ಟೆ, ಬೇಡ ಅಂದ್ರು, ವಿಳಾಸ ಸಿಗ್ಲಿಲ್ಲ, ಬೀಗ. ಮಾಲೇ ಬಂದಿಲ್ಲ ಅಂತ ನನ್ ಫೋನಲ್ಲಿ ಇಲ್ಲ. ಅದು ಇವ್ರ ಕಂಪ್ಯೂಟರಲ್ಲೈತೆ. ನಾವೆಲ್ಲಾ ಬೀಗಾನೇ ಒತ್ತೋದು. ಒತ್ತಬಾರ್ದಿತ್ತು, ತಪ್ಪೇ ಬುಡಿ."

ತನ್ನ ಪಾಲಿನ ತಪ್ಪನ್ನು ಆತ ಇಷ್ಟು ಸಲೀಸಾಗಿ ಹೇಳಿದ.

"ಉದ್ದದ ಮಾಲಾ ಅದು?" ಎಂದು ಆತ ಕೇಳಿದ.

"ಉದ್ದವೇ. ಒಂದು ಕಾಲು."

"ಏನು?"

ಯಾರ ಕಾಲು, ಯಾತಕ್ಕೆ ಎಂದು ಹೇಳಿದೆ. ಸುದ್ದಿಯಲ್ಲಿ ನಾನು 'ಅಗತ್ಯ ಸಾಮಗ್ರಿ' ಎಂದು ಬರೆದಿದ್ದೆ. ಪಟ್ಟಿಯ ಹೆಸರಿನಿಂದ ಗುರುತು ಹತ್ತದಿದ್ದರೂ ಆತನಿಗೆ ಆ ಮನೆ ಚೆನ್ನಾಗಿ ಗೊತ್ತಿತ್ತು. ಜಗಲಿಯ ಮೇಲೆ ನೀರು ಕೊಡುತ್ತಿದ್ದ ಮನೆ ಅದು.

"ಅಯ್ಯೋ, ಅವರ್ದಾ! ಮಂಗಳವಾರವೇ ಕಾಲು ಅಂದಿದ್ರೆ... ಉದ್ದದ್ದು ಬ್ಯಾಗಿಗೆ ಹಿಡಿಯಲ್ಲ ಸಾರ್. ಪಟ್ಟಿಗೆ ಸೇರಿಸಿ ಪಕ್ಕಕ್ಕೆ ಒರಗಿಸ್ತಾರೆ. ಬ್ಯಾಗು ನಮ್ ಗಾಡಿಗೆ, ಒರಗಿಸಿದ್ದು ಪಕ್ಕದ ಗಾಡಿಗೆ. ತುಮಕೂರಲ್ಲಿ ಪಕ್ಕದ್ದು ಹಾಸನದ ಗಾಡಿ. ಮಂಗಳವಾರ ನಾನೇ ಹಾಸನಕ್ಕೆ ಫೋನ್ ಹಚ್ಚೋನಿದ್ದೆ, ಅಷ್ಟರಲ್ಲಿ..."

ಅಷ್ಟರಲ್ಲಿ ನಾನು ಬಂದು ಆತನನ್ನೇ ಕಳ್ಳನನ್ನಾಗಿ ಮಾಡಿದ್ದೆ.

ಮಂಗಳವಾರ ಫೋನ್ ಮಾಡಿದ್ದರೆ ಹಾಸನದವರು ಅಂದೇ ನೆಲದ ಮೇಲೆ ಹುಡುಕುತ್ತಿದ್ದರು. ಬುಧವಾರ ಅವರಾಗಿಯೇ ಕಂಡು ಸ್ಕ್ಯಾನ್ ಮಾಡಿದಾಗಲೂ ರಾತ್ರಿಯ ಗಾಡಿಗೆ ತಿಪಟೂರಿಗೆ ಹಾಕುವವರಿದ್ದರು. ನನ್ನ ಕೋರಿಕೆಯ ಮೇರೆಗೆ ತಡೆದಿದ್ದರು. ಎರಡು ಸಲವೂ ಪೆಟ್ಟಿಗೆ ನಿಂತದ್ದು ನನ್ನಿಂದ.

ಕಾರ್ಯಾಗಾರಕ್ಕೆ ಫೋನ್ ಮಾಡಿ ತಡೆ ತೆಗೆಸಿದೆ. ಹಬ್‌ನಲ್ಲೇ ಕೈಗೆ ಕೊಡಬಹುದೆಂದು ಮಾಲೀಕ ಪತ್ರ ಬರೆದುಕೊಟ್ಟ. ನೊಣವಿನಕೆರೆಯಿಂದ ಆಧಾರ್ ಕಾರ್ಡಿನ ಫೋಟೊ ತರಿಸಿಕೊಂಡೆವು. ನನ್ನ ಕಾರಿನಲ್ಲಿ ಇಬ್ಬರೂ ಹಾಸನಕ್ಕೆ ಹೊರಟೆವು. ನೀವು ಬರಬೇಕೆಂದಿಲ್ಲ ಎಂದು ನಾನು ಹೇಳಿದ್ದೆ. "ನಿಮ್ಗೆ ಕೊಡಲ್ಲ ಸಾರ್ ಅವ್ರು. ನನ್ ದನಿ ಗೊತ್ತು ಅವ್ರಿಗೆ," ಎಂದು ಬಂದು ಕೂತ.

ಅರಸೀಕೆರೆ ದಾಟಿದೆವು. ಆಮೇಲೆ ನಾನು, "ತಿದ್ದುಪಡಿ ಹಾಕಿಸ್ತೀನಿ" ಎಂದೆ.

"ಅದೇನ್ ಸಾರ್ ತಿದ್ದುಪಡಿ?"

"ನಿನ್ನೆ ಬಂದ ಸುದ್ದಿ ತಪ್ಪು ಅಂತ."

ಆತ ಕಿಟಕಿಯ ಆಚೆ ನೋಡಿದ. "ಹಾಕಿ. ನಮ್ಮಾವ ಆ ತುಂಡು ಕತ್ತರಿಸಿ ಇಟ್ಕಂಡವ್ರೆ. ಇದನ್ನೂ ಕತ್ತರಿಸಲಿ." ಮತ್ತೆ ನನ್ನ ಕಡೆ ತಿರುಗಿ ಅಂದ: "ಅದು ದೊಡ್ಡದಾಗಿ ಬಂದಿತ್ತು. ಇದೂ ಅಷ್ಟೇ ದೊಡ್ಡದಾಗಿ ಬತ್ತದಾ?"

ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಮೂರು ಸಾಲು, ಒಳಪುಟದ ಮೂಲೆ. ನೋಡೋಣ ಎಂದೆ.

ಹಾಸನದ ಹಬ್‌ನಲ್ಲಿ ಆತ ಹಿಂದಿನ ಬಾಗಿಲಿನಿಂದ ಹೋಗಿ ಯಾರನ್ನೋ "ಲೇ, ತಿಪಟೂರಿಂದು ಕಣ್ಲಾ" ಎಂದು ಕರೆದ. ತನ್ನನ್ನು ತೆಗೆದಿರುವ ವಿಷಯ ಹೇಳಲಿಲ್ಲ. ಇಪ್ಪತ್ತು ನಿಮಿಷದಲ್ಲಿ ಪೆಟ್ಟಿಗೆ ಬಂತು. ಉದ್ದನೆಯ ಬಿಳಿ ರಟ್ಟಿನ ಪೆಟ್ಟಿಗೆ, ಒಂದು ಮೂಲೆ ಜಜ್ಜಿತ್ತು. ನಾನು ಸಹಿ ಮಾಡಿದ ಕೂಡಲೇ ಫೋನ್ ಗುಂಯ್ ಎಂದಿತು: ಡೆಲಿವರಿ ಆಗಿದೆ. ಆ ಪಟ್ಟಿಯಲ್ಲಿ ಪೆಟ್ಟಿಗೆ ನನ್ನ ಕಣ್ಣೆದುರು ಇದ್ದಾಗಲೇ ಬಂದ ಮೊದಲ ಸಾಲು ಅದು.

ಸಂಜೆ ನೊಣವಿನಕೆರೆ ತಲುಪಿದಾಗ ಚಪ್ಪರ ಎದ್ದಿತ್ತು. ಅವರು ಜಗಲಿಯ ಮೇಲೆಯೇ ಪೆಟ್ಟಿಗೆ ಒಡೆಸಿದರು. ಬೋಲ್ಟು ಹೊಸದು, ಒಳಪದರ ಹೊಸದು. ಕಾಲ್ಚೀಲ ಏರಿಸಿ ಬಟ್ಟಲಿಗೆ ಮೊಂಡುಕಾಲು ತೂರಿಸಿದರು. ಅರ್ಧಕ್ಕೆ ನಿಂತಿತು. ಒತ್ತಿದರು. ಹೆಂಡತಿ ಹಿಡಿದರು, ಡೆಲಿವರಿಯವನು ಹಿಡಿದ. ಹಣೆಯಲ್ಲಿ ಬೆವರು ಬಂದರೂ ಅದು ಕೂರಲಿಲ್ಲ. ಎರಡು ವಾರ ಬಿಟ್ಟ ಕಾಲು ಊದಿಕೊಂಡಿತ್ತು. ಕಾರ್ಯಾಗಾರಕ್ಕೆ ಫೋನ್ ಮಾಡಿದರೆ, ಬಟ್ಟೆ ಬಿಗಿಯಾಗಿ ಸುತ್ತಿ, ಕಾಲು ಎತ್ತರಕ್ಕಿಟ್ಟು ಮಲಗಲಿ, ಎರಡು ಮೂರು ದಿನದಲ್ಲಿ ಇಳಿಯುತ್ತೆ, ಜೋರು ಮಾಡಿದರೆ ಗಾಯವಾಗುತ್ತೆ ಎಂದರು. ನಮಗೆ ಇದ್ದದ್ದು ಒಂದು ರಾತ್ರಿ.

"ಬುಡಿ ಅಣ್ಣೋರೆ," ಎಂದರು ಅವರು. "ನೀವೆಷ್ಟು ಓಡಾಡಿದ್ರಿ."

ನಾನು ಏನು ಮಾಡಿದ್ದೆ ಎಂದು ಅವರಿಗೆ ಗೊತ್ತಿರಲಿಲ್ಲ. ಡೆಲಿವರಿಯವನು ಪಕ್ಕದಲ್ಲೇ ಇದ್ದ. ಹೇಳಲಿಲ್ಲ. ಆತ ಹೇಳದಿದ್ದಾಗ ನಾನೇ ಹೇಳಬೇಕಿತ್ತು. ಹೇಳಿದೆ. ಮಂಗಳವಾರ, ಬುಧವಾರ, ಎರಡನ್ನೂ, ಕ್ರಮವಾಗಿ. ಅವರು ಕೇಳಿಸಿಕೊಂಡು ಬಟ್ಟೆ ಸುತ್ತುವುದನ್ನು ಮುಂದುವರಿಸಿದರು. ಅವರ ಹೆಂಡತಿ ಮಾತ್ರ ನನ್ನನ್ನು ಒಂದು ಸಲ ನೇರವಾಗಿ ನೋಡಿ ಒಳಗೆ ಹೋದರು. ಆಮೇಲೆ ಕಾಫಿ ಎರಡು ಲೋಟ ಬಂತು. ಒಂದು ಅವರ ಗಂಡನಿಗೆ, ಒಂದು ಡೆಲಿವರಿಯವನಿಗೆ. ಸ್ವಲ್ಪ ತಡವಾಗಿ ಮೂರನೆಯದೂ ಬಂತು.

ಶುಕ್ರವಾರ ಬೆಳಿಗ್ಗೆ ಇನ್ನೊಮ್ಮೆ ಹಾಕಿ ನೋಡಿದರು. ಮೊಂಡುಕಾಲು ಬಟ್ಟಲಿಗೆ ರಾತ್ರಿಗಿಂತ ಒಂದು ಬೆರಳು ಹೆಚ್ಚು ಇಳಿಯಿತು, ಅಷ್ಟೇ. ಮಂಟಪದ ಹಲಗೆಯ ಮೇಲೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿದರು. ಹಲಗೆಗೆ ಹೊಸ ಜಮಖಾನೆ ಹಾಸಿದ್ದರಿಂದ ಕುರ್ಚಿ ಜಾರುತ್ತಿತ್ತು.

"ಅಣ್ಣೋರೆ, ಇದನ್ನ ಒಸಿ ಹಿಡ್ಕಳ್ರೀ ಹಿಂದಿಂದ," ಎಂದರು ಅವರು.

ಹಿಡಿದುಕೊಂಡೆ. ಗಂಡು ಎತ್ತರದ ಹುಡುಗ, ಕೈ ಒಡ್ಡಲು ಸೊಂಟದವರೆಗೆ ಬಾಗಿದ. ಹುಡುಗಿ ಸೀರೆ ಹಿಡಿದುಕೊಂಡು ಬಾಗಿದಳು. ಎರಡು ಕೈಯಲ್ಲೂ ಹಿಡಿದ ತಂಬಿಗೆಯಿಂದ ಅವರು ನೀರು ಎರೆದರು. ಫೋಟೊದವನು ಎದುರಿನಿಂದ, ಪಕ್ಕದಿಂದ, ಮತ್ತೆ ಎದುರಿನಿಂದ ತೆಗೆದ.

ಆಲ್ಬಂ ನಾನು ಆಮೇಲೆ ನೋಡಿದ್ದೇನೆ. ಧಾರೆಯ ಎಲ್ಲ ಚಿತ್ರಗಳಲ್ಲೂ ಕುರ್ಚಿಯ ಹಿಂದೆ ಬೆನ್ನು ಬಗ್ಗಿಸಿ ನಿಂತಿರುವವನು ನಾನು. ಗೊತ್ತಿಲ್ಲದವರು, ಹುಡುಗಿಗೆ ಇವರು ದೊಡ್ಡಪ್ಪನಾ ಎಂದು ಕೇಳುತ್ತಾರಂತೆ.